ಹಂತ ಹಂತವಾಗಿ ಕೆಲಸಕ್ಕೆ ಮರಳಲು ಅನುಮತಿ ಕೋರಿ

ಮೈಸೂರು
28 ಏಪ್ರಿಲ್ 2025

ಇವರಿಗೆ,
ವ್ಯವಸ್ಥಾಪಕರು, ಸಿಬ್ಬಂದಿ ವಿಭಾಗ
ಪ್ರತಿ: ಮುಖ್ಯ ಲೆಕ್ಕಾಧಿಕಾರಿಗಳು

ಮಾನ್ಯರೇ,

2 ಡಿಸೆಂಬರ್ 2024ರಿಂದ ಪಡೆದ 26 ವಾರಗಳ ಹೆರಿಗೆ ರಜೆ ಜೂನ್ 1ಕ್ಕೆ ಮುಗಿಯುತ್ತದೆ. ಜೂನ್ 2, ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ. ಆಗ ಮಗುವಿಗೆ ಇನ್ನೂ ಐದು ತಿಂಗಳು. ಹಾಗಾಗಿ ಮೊದಲ ಹತ್ತು ವಾರ ಅರೆಕಾಲಿಕವಾಗಿ ಕೆಲಸ ಮಾಡಿ, ಆಗಸ್ಟ್ 11ರಿಂದ ಪೂರ್ಣಾವಧಿಗೆ ಬರಲು ಅನುಮತಿ ಕೋರುತ್ತೇನೆ.

ಜೂನ್ 2ರಿಂದ 20: ಸೋಮ, ಬುಧ, ಶುಕ್ರ, ಬೆಳಿಗ್ಗೆ 9.30ರಿಂದ 1.30. ವಾರಕ್ಕೆ 12 ಗಂಟೆ.
ಜೂನ್ 23ರಿಂದ ಜುಲೈ 18: ಸೋಮವಾರದಿಂದ ಶುಕ್ರವಾರ, ಅದೇ ಹೊತ್ತು. 20 ಗಂಟೆ.
ಜುಲೈ 21ರಿಂದ ಆಗಸ್ಟ್ 8: ಐದೂ ದಿನ 9.30ರಿಂದ 4, ಊಟಕ್ಕೆ ಅರ್ಧ ಗಂಟೆ. 30 ಗಂಟೆ.
ಆಗಸ್ಟ್ 11ರಿಂದ: ಎಂದಿನಂತೆ 40 ಗಂಟೆ.

ಸಂಬಳವನ್ನು ಇದೇ ಲೆಕ್ಕದಲ್ಲಿ ಶೇ. 30, 50, 75ರಂತೆ ಕೊಟ್ಟರೆ ಸಾಕು.

ಮೊದಲ ಹಂತದ ದಿನಗಳನ್ನು ಜಿಎಸ್‌ಟಿ ಗಡುವು ನೋಡಿಯೇ ಆರಿಸಿದ್ದೇನೆ. ಜಿಎಸ್‌ಟಿಆರ್-1ರ ಜೂನ್ 11 ಬುಧವಾರ, 3ಬಿಯ ಜೂನ್ 20 ಶುಕ್ರವಾರ. 2ಬಿ ಬರುವುದು 14ಕ್ಕೆ. ಖರೀದಿ ಬಿಲ್ಲುಗಳೊಂದಿಗೆ ಅದನ್ನು ತಾಳೆ ನೋಡಲು 16 ಮತ್ತು 18 ಸಿಗುತ್ತವೆ. ಜುಲೈ 20 ಭಾನುವಾರವಾದ್ದರಿಂದ ಆ ತಿಂಗಳ 3ಬಿಯನ್ನು 18ರೊಳಗೇ ಮುಗಿಸುತ್ತೇನೆ. ಒಂದು ದಿನ ತಪ್ಪಿದರೂ ವಿಳಂಬ ಶುಲ್ಕದ ಜೊತೆ ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ ಬೀಳುತ್ತದೆ.

ಸಂಬಳಪಟ್ಟಿ ಮತ್ತು ಟಿಡಿಎಸ್ ಪಾವತಿಯನ್ನು ಮಾತ್ರ ಆಗಸ್ಟ್ 11ರವರೆಗೆ ಈಗ ನೋಡಿಕೊಳ್ಳುತ್ತಿರುವ ಸಹೋದ್ಯೋಗಿಗಳೇ ಮುಂದುವರಿಸಲಿ. ಟಿಡಿಎಸ್ ಕಟ್ಟುವ 7ನೇ ತಾರೀಕು ಜೂನ್‌ನಲ್ಲಿ ಶನಿವಾರ, ಅಂದು ನಾನಿರುವುದಿಲ್ಲ. ಬ್ಯಾಂಕಿನ ಒಟಿಪಿ ಬರುವ ಮೊಬೈಲ್ ಸಂಖ್ಯೆಯೂ ಅಲ್ಲಿಯವರೆಗೆ ಅವರದ್ದೇ ಇರಬೇಕು. ನಾನು ಮನೆಯಲ್ಲಿ ಮಗುವನ್ನು ಮಲಗಿಸುವಾಗ ನನ್ನ ಫೋನಿಗೆ ಒಟಿಪಿ ಬಂದರೆ ಪಾವತಿ ಅಲ್ಲೇ ನಿಲ್ಲುತ್ತದೆ. ಜುಲೈ 31ಕ್ಕೆ ಸಲ್ಲಿಸಬೇಕಾದ ತ್ರೈಮಾಸಿಕ ಟಿಡಿಎಸ್ ವಿವರವನ್ನು ನಾನೇ ಸಿದ್ಧಪಡಿಸುತ್ತೇನೆ.

ಅರೆಕಾಲಿಕ ಕೆಲಸ ಕೆಡುವುದು ಒಂದೇ ಕಡೆ: ಗಂಟೆ ಕಡಿಮೆಯಾಗಿ ಹೊಣೆ ಹಾಗೇ ಉಳಿದಾಗ. ಆದ್ದರಿಂದ ನನ್ನ ಪಾಲಿನ ಕೆಲಸಗಳ ಪಟ್ಟಿಯನ್ನು ಅನುಮತಿ ಪತ್ರದಲ್ಲೇ ನಮೂದಿಸಬೇಕೆಂದು ಒತ್ತಿ ಕೇಳುತ್ತೇನೆ. ಜೂನ್ 20 ಮತ್ತು ಜುಲೈ 18ರಂದು ಮುಖ್ಯ ಲೆಕ್ಕಾಧಿಕಾರಿಗಳ ಜೊತೆ ಹದಿನೈದು ನಿಮಿಷ ಕುಳಿತು, ಬಾಕಿ ಹೆಚ್ಚಿದ್ದರೆ ಮುಂದಿನ ಹಂತದ ಹಂಚಿಕೆ ಬದಲಿಸಿಕೊಳ್ಳೋಣ.

ಹೆರಿಗೆ ಸೌಲಭ್ಯ ಕಾಯ್ದೆ, 1961ರಂತೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವುಗಳಿವೆ. ಮೇಲಿನ ವೇಳಾಪಟ್ಟಿಯಲ್ಲೂ ಅವು ಇರಲಿ. ಅರೆಕಾಲಿಕ ಕೆಲಸ ಆ ಕಾಯ್ದೆ ಕೊಡುವ ಹಕ್ಕಲ್ಲ, ಇದು ನನ್ನ ಕೋರಿಕೆ ಎಂಬುದು ಗೊತ್ತಿದೆ. ಪರಸ್ಪರ ಒಪ್ಪಿ ಮನೆಯಿಂದ ಕೆಲಸ ಮಾಡಲು 2017ರ ತಿದ್ದುಪಡಿಯಲ್ಲಿ ಅವಕಾಶವಿದೆ. ಆದರೆ ನಮ್ಮ ವೋಚರು, ಬಿಲ್ಲುಗಳೆಲ್ಲ ಕಚೇರಿಯ ಫೈಲುಗಳಲ್ಲಿರುವುದರಿಂದ ಅದನ್ನು ಕೇಳುತ್ತಿಲ್ಲ.

ಸಹೋದ್ಯೋಗಿಗಳ ಈಗಿನ ಹೆಚ್ಚುವರಿ ಹೊಣೆ ಮೇ 31ಕ್ಕೆ ಮುಗಿಯುತ್ತದೆ. ಅದನ್ನು ವಿಸ್ತರಿಸಲು ಸಮಯ ಬೇಕಾಗುವುದರಿಂದ ಮೇ 15ರೊಳಗೆ ಲಿಖಿತ ಉತ್ತರ ಕೊಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ಹಿರಿಯ ಲೆಕ್ಕಿಗರು, ಲೆಕ್ಕಪತ್ರ ವಿಭಾಗ