ಜೂನ್ 28ರ ಭಾನುವಾರ ನಮ್ಮ ಬಡಾವಣೆಯಲ್ಲಿ ಗಿಡ ನೆಡೋಣ

ಆತ್ಮೀಯ ನಿವಾಸಿಗಳೇ,

ಜೂನ್ 28ರ ಭಾನುವಾರ ಬೆಳಿಗ್ಗೆ 6.30ಕ್ಕೆ ಎಲ್ಲರೂ ಉದ್ಯಾನದ ಗೇಟಿನ ಬಳಿ ಸೇರಬೇಕೆಂದು ಕೋರುತ್ತೇವೆ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ 60 ಸಸಿಗಳು ಬರುತ್ತಿವೆ: 25 ಹೊಂಗೆ, 20 ಬೇವು, 15 ನೇರಳೆ. ಇವು ಚಿತ್ರದುರ್ಗದ ಬಿಸಿಲನ್ನು ತಡೆದುಕೊಳ್ಳುವ ಮರಗಳು. ನೇರಳೆಗೆ ಮಾತ್ರ ಮೊದಲ ವರ್ಷಗಳಲ್ಲಿ ನೀರು ಹೆಚ್ಚು ಬೇಕು, ಆದ್ದರಿಂದ ಅವನ್ನು ನಲ್ಲಿಗೆ ಹತ್ತಿರ ನೆಡುತ್ತೇವೆ. ಗುಂಡಿ, ಕೊಟ್ಟಿಗೆ ಗೊಬ್ಬರ, ಆಸರೆಯ ಕೋಲು, ಮುಳ್ಳಿನ ಬೇಲಿ ಎಲ್ಲವೂ ಸಿದ್ಧವಿವೆ. ನೀವು ಗುದ್ದಲಿ ಅಥವಾ ಬಕೆಟ್ ತಂದರೆ ಸಾಕು.

ಕಳೆದ ವರ್ಷ ನೆಟ್ಟ 40 ಸಸಿಗಳಲ್ಲಿ ಉಳಿದದ್ದು 11. ನೆಟ್ಟ ದಿನ ಇದ್ದ ಉತ್ಸಾಹ ಮಾರ್ಚ್ ತಿಂಗಳಲ್ಲಿ ಇರಲಿಲ್ಲ. ಅದು ನಮ್ಮೆಲ್ಲರ ತಪ್ಪು. ಈ ಬಾರಿ ಪ್ರತಿ ಸಸಿಗೂ ಒಂದು ಮನೆಯ ಹೆಸರು ಬರೆಯುತ್ತೇವೆ. ಮಳೆ ಬಾರದ ವಾರಗಳಲ್ಲಿ ಎರಡು ಬಾರಿ, ಒಂದೊಂದು ಕೊಡ ನೀರು. ಫೆಬ್ರುವರಿಯಿಂದ ಮೇವರೆಗೆ ದಿನ ಬಿಟ್ಟು ದಿನ, ಸಂಜೆ ಹೊತ್ತು. ಅಕ್ಕಿ, ತರಕಾರಿ ತೊಳೆದ ನೀರನ್ನು ಧಾರಾಳವಾಗಿ ಹಾಕಿ, ಸೋಪಿನ ನೀರು ಬೇಡ. ಬುಡಕ್ಕೆ ಒಣಗಿದ ಎಲೆ ಹೊದಿಸಿದರೆ ತೇವ ಬೇಗ ಆರುವುದಿಲ್ಲ. ನಲ್ಲಿ ನೀರು ಬಾರದ ವಾರ ಟ್ಯಾಂಕರ್ ತರಿಸಲು ಪ್ರತಿ ಮನೆಯಿಂದ 100 ರೂಪಾಯಿ ಸಂಗ್ರಹಿಸುತ್ತೇವೆ.

ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ತಿಳಿಸಿ ಹೋಗಿ. ಮಕ್ಕಳನ್ನು ಖಂಡಿತ ಕರೆತನ್ನಿ, ತಮ್ಮ ಸಸಿಯನ್ನು ಅವರೇ ಆರಿಸಿಕೊಳ್ಳಲಿ. ನೆಟ್ಟ ನಂತರ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಇರುತ್ತದೆ.

ಬಡಾವಣೆಯ ನಿವಾಸಿಗಳ ಬಳಗ, ಚಿತ್ರದುರ್ಗ