ಬಾಕಿ ಹಣ ಕೇಳಿ ಬರೆದ ನಾಲ್ಕು ಪತ್ರಗಳು

ಜೂನ್ 7, ವಾಟ್ಸಾಪ್

ನಮಸ್ಕಾರ ಸರ್. ನಾವು ಪ್ರಿಂಟ್ ಮಾಡಿಕೊಟ್ಟ ಕ್ಯಾಟಲಾಗ್ ನಿಮ್ಮವರಿಗೆಲ್ಲ ಇಷ್ಟ ಆಯ್ತು ಅಂತ ಕೇಳಿ ಖುಷಿಯಾಯಿತು. ಕವರಿನ ನೀಲಿ ಒಂಚೂರು ಗಾಢವಾಯ್ತೇನೋ ಅನ್ನೋ ಅಳುಕು ನನಗಿತ್ತು. ಹಾಗೇ ಇನ್ನೊಂದು ವಿಷಯ. ಬಿಲ್ ನಂ. 212, 64,000 ರೂ., ಮೊನ್ನೆ 4ಕ್ಕೆ ಗಡುವು ಮುಗಿದಿದೆ. ಗಡಿಬಿಡಿಯಲ್ಲಿ ಉಳಿದುಹೋಗಿರಬಹುದು, ಮತ್ತೊಂದು ಕಾಪಿ ಕಳಿಸಿದ್ದೇನೆ. ಈಗಾಗಲೇ ಹಾಕಿದ್ದರೆ ಈ ಮೆಸೇಜ್ ಬಿಟ್ಟುಬಿಡಿ.

ಜೂನ್ 16, ವಾಟ್ಸಾಪ್

ಸರ್, ಮತ್ತೆ ನಾನೇ. 212 ಇನ್ನೂ ಬಂದಿಲ್ಲ. ಅಕೌಂಟ್ಸ್‌ನಲ್ಲಿ ಎಲ್ಲಾದರೂ ಸಿಕ್ಕಿಕೊಂಡಿದೆಯಾ? ಹೋದ ಸಲ ಪರ್ಚೇಸ್ ಆರ್ಡರ್ ನಂಬರ್ ಇಲ್ಲ ಅಂತ ಬಿಲ್ಲನ್ನು ಪಕ್ಕಕ್ಕಿಟ್ಟಿದ್ದರು, ಅಲ್ವಾ? ಅದಕ್ಕೇ ಈಗ ಪಿಒ ನಂಬರ್ ಹಾಕಿ, ನಿಮ್ಮ ಸ್ಟೋರ್‌ನವರು ಸೀಲು ಹಾಕಿಕೊಟ್ಟ ಡೆಲಿವರಿ ಚಲನ್ ಜೊತೆಗಿಟ್ಟು ಕಳಿಸಿದ್ದೇನೆ. ಅಲ್ಲಿ ಯಾರನ್ನು ಕೇಳಬೇಕು ಅಂತ ಹೇಳಿ, ನಾನೇ ಮಾತಾಡುತ್ತೇನೆ. ನೀವು ನಡುವೆ ಓಡಾಡುವುದು ಬೇಡ. ಯಾವತ್ತು ಆಗಬಹುದು ಅಂತ ಒಂದು ತಾರೀಕು ಗೊತ್ತಾದರೆ ಸಾಕು.

ಜೂನ್ 29, ಇಮೇಲ್
ವಿಷಯ: ಬಿಲ್ ನಂ. 212, ಬಾಕಿ 64,000 ರೂ.

ನಮಸ್ಕಾರ ಸರ್,

25ರೊಳಗೆ ಹಣ ಬರುತ್ತದೆ ಎಂದು ಫೋನಿನಲ್ಲಿ ಹೇಳಿದ್ದಿರಿ. ಬಂದಿಲ್ಲ. ಪೇಪರ್ ಮತ್ತು ಬೈಂಡಿಂಗ್‌ನವರಿಗೆ ನಾನು ಕೈಯಿಂದ ಕೊಟ್ಟಾಗಿದೆ. ಹಾಗಾಗಿ ಇದನ್ನು ಇನ್ನೂ ಜಾಸ್ತಿ ದಿನ ಹೀಗೇ ಬಿಡುವುದು ನನಗೆ ಕಷ್ಟ.

ಕೆಲಸದಲ್ಲಾಗಲೀ ಬಿಲ್ಲಿನಲ್ಲಾಗಲೀ ತಕರಾರು ಇದ್ದರೆ ದಯವಿಟ್ಟು ಈಗಲೇ ಬರೆಯಿರಿ, ಸರಿಮಾಡೋಣ. ತಕರಾರಿಲ್ಲ, ಕೈಯಲ್ಲಿ ಹಣ ಬಿಗಿಯಾಗಿದೆ ಅನ್ನುವುದಾದರೆ ಅದನ್ನೂ ಹೇಳಿ, ಸಂಕೋಚ ಬೇಡ. ಜುಲೈ 5ಕ್ಕೆ 32,000, ಉಳಿದದ್ದು 15ಕ್ಕೆ. ಹೀಗಾದರೂ ನನಗೆ ಒಪ್ಪಿಗೆ. ಯಾವುದು ಸರಿ ಎಂದು ಜುಲೈ 2ರೊಳಗೆ ತಿಳಿಸಿ. ನಿಮ್ಮ ಅಕೌಂಟ್ಸ್ ಮ್ಯಾನೇಜರ್‌ಗೂ ಈ ಮೇಲ್‌ನ ಪ್ರತಿ ಹಾಕಿದ್ದೇನೆ. ದೂರು ಹೇಳುವುದಕ್ಕಲ್ಲ, ಬಿಲ್ ಅವರ ಟೇಬಲ್‌ಗೆ ಹೋಗಲಿ ಅಂತ.

ಜುಲೈ 18, ಲೆಟರ್‌ಹೆಡ್‌ನಲ್ಲಿ, ರಿಜಿಸ್ಟರ್ಡ್ ಅಂಚೆ
ವಿಷಯ: ಬಿಲ್ ನಂ. 212ರ ಬಾಕಿ ಪಾವತಿ ಕುರಿತು

ಮಾನ್ಯರೇ,

ಮೇಲ್ಕಂಡ ಬಿಲ್ಲಿನ 64,000 ರೂ. ಜೂನ್ 4ಕ್ಕೆ ಸಂದಾಯವಾಗಬೇಕಿತ್ತು. ಗಡುವು ಮುಗಿದು ಇಂದಿಗೆ 44 ದಿನಗಳಾಗಿವೆ. ಜೂನ್ 7, 16 ಮತ್ತು 29ರಂದು ನೆನಪಿಸಿದ್ದೇವೆ. 29ರ ಪತ್ರಕ್ಕೆ ಉತ್ತರ ಬಂದಿಲ್ಲ. ಕೆಲಸದ ಬಗ್ಗೆ ತಮ್ಮಿಂದ ಯಾವ ದೂರೂ ಬಂದಿಲ್ಲ.

ಪೂರ್ತಿ ಹಣವನ್ನು ಜುಲೈ 28ರೊಳಗೆ ಪಾವತಿಸಬೇಕೆಂದು ಕೋರುತ್ತೇವೆ. ತಾವು ಸಹಿ ಮಾಡಿದ ಆರ್ಡರ್ ಫಾರಂನ 6ನೇ ಷರತ್ತಿನ ಪ್ರಕಾರ ತಡವಾದ ಹಣಕ್ಕೆ ತಿಂಗಳಿಗೆ ಶೇ. 1.5 ಬಡ್ಡಿ ಇದೆ. ಇದುವರೆಗೆ ಅದನ್ನು ಸೇರಿಸಿಲ್ಲ. 28ರೊಳಗೆ ಹಣ ಬಂದರೆ ಸೇರಿಸುವುದೂ ಇಲ್ಲ. ಬಾರದಿದ್ದರೆ ಜೂನ್ 5ರಿಂದ ಬಡ್ಡಿ ಲೆಕ್ಕ ಹಾಕಿ, ವಸೂಲಿಗೆ ವಕೀಲರ ಮೂಲಕ ನೋಟಿಸ್ ಕಳಿಸಬೇಕಾಗುತ್ತದೆ.

ತಮ್ಮೊಂದಿಗೆ ವರ್ಷಗಳಿಂದ ಕೆಲಸ ಮಾಡಿದ್ದೇವೆ. ಮಾತಾಡಿ ಬಗೆಹರಿಸುವುದಾದರೆ 28ರವರೆಗೆ ಯಾವ ದಿನ ಕರೆದರೂ ಬರುತ್ತೇನೆ. ತಮ್ಮ ಡೈರಿ ಆರ್ಡರ್‌ನ ಪ್ರೂಫ್ ತಯಾರಿದೆ, ಈ ಬಾಕಿ ತೀರಿದ ದಿನವೇ ಪ್ರಿಂಟಿಗೆ ಹಾಕುತ್ತೇವೆ.

ಲಗತ್ತು: ಬಿಲ್, ಪಿಒ, ಡೆಲಿವರಿ ಚಲನ್, ಆರ್ಡರ್ ಫಾರಂ ಪ್ರತಿಗಳು

ಇಂತಿ ತಮ್ಮ ವಿಶ್ವಾಸಿ,
ಮಾಲೀಕರು