ಎಜುಕೇಶನ್ ಲೋನ್ ಬಡ್ಡಿ ಸರ್ಟಿಫಿಕೇಟ್ ಬೇಕಿತ್ತು ಮೇಡಂ, ಅಮ್ಮನ ಹೆಸ್ರೂ ಸೇರಿಸಿ

ಇಂದ: ಭೂಮಿಕಾ ಎಂ. ಜಿ., ಮಾದಾಪುರ
ಗೆ: ಬ್ರಾಂಚ್ ಮ್ಯಾನೇಜರ್ ಮೇಡಂ, ಸೋಮವಾರಪೇಟೆ ಬ್ರಾಂಚ್
ದಿನಾಂಕ: 23 ಜೂನ್ 2025
ವಿಷಯ: 2024-25ನೇ ಹಣಕಾಸು ವರ್ಷದಲ್ಲಿ ಕಟ್ಟಿರೋ ಎಜುಕೇಶನ್ ಲೋನ್ ಬಡ್ಡಿಗೆ ಸರ್ಟಿಫಿಕೇಟ್ (ಲೋನ್ ಅಕೌಂಟ್ ಕೊನೇ ನಾಲ್ಕು ನಂಬರ್ 4176)

ನಮಸ್ತೆ ಮೇಡಂ,

ನಾನು ಭೂಮಿಕಾ, ನಿಮ್ಮ ಬ್ರಾಂಚಲ್ಲಿ ಡಿಸೆಂಬರ್ 2021ರಲ್ಲಿ ಇಂಜಿನಿಯರಿಂಗ್‌ಗೆ ಅಂತ ಏಳೂವರೆ ಲಕ್ಷ ಲೋನ್ ತಗೊಂಡಿದ್ದೆ. ಫೈನಲ್ ಸೆಮ್ ಎಕ್ಸಾಮ್ ಬರ್ದು ಮನೆಗೆ ಬಂದಿದೀನಿ, ರಿಸಲ್ಟ್ ಇನ್ನೂ ಬಂದಿಲ್ಲ. ಈ ಮೇಲ್ ಮಾಡ್ತಿರೋದು ಬಡ್ಡಿ ಸರ್ಟಿಫಿಕೇಟ್‌ಗೋಸ್ಕರ. ಶುಕ್ರವಾರ ಕೌಂಟರ್‌ಗೆ ಬಂದು ಕೇಳ್ದೆ, ಅಲ್ಲಿದ್ದೋರು ಆ್ಯಪಲ್ಲೇ ಸಿಗುತ್ತಲ್ಲ ಡೌನ್‌ಲೋಡ್ ಮಾಡ್ಕೊಳಿ ಅಂದ್ರು, ಹಿಂದೆ ದೊಡ್ಡ ಕ್ಯೂ ಇತ್ತು, ಆ ಆ್ಯಪಿನ ಸರ್ಟಿಫಿಕೇಟ್ ನಮ್ಗೆ ಯಾಕೆ ಸಾಲ್ತಿಲ್ಲ ಅಂತ ನಿಂತ್ಕೊಂಡು ಹೇಳೋಕೆ ಆಗ್ಲಿಲ್ಲ. ಅದಕ್ಕೆ ಎಲ್ಲಾ ಬರ್ದು ಕಳಿಸ್ತಿದೀನಿ, ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ಸರ್ಟಿಫಿಕೇಟ್ ಬೇಕಾಗಿರೋದು ನನ್ನ ಟ್ಯಾಕ್ಸ್‌ಗೆ ಅಲ್ಲ ಮೇಡಂ, ನನಗೆ ಇನ್ನೂ ಸಂಬಳಾನೇ ಇಲ್ಲ. ನಮ್ಮಮ್ಮ ಸುನಂದಾ ಎಂ. ಎಸ್. ಅವ್ರ ರಿಟರ್ನ್‌ಗೆ. ಅಮ್ಮ ಸರ್ಕಾರಿ ಪ್ರೈಮರಿ ಶಾಲೆ ಟೀಚರ್. ಕೋರ್ಸ್ ಮುಗಿಯೋವರ್ಗೂ ಮತ್ತೆ ಅದಾದ್ಮೇಲೆ ಒಂದು ವರ್ಷ ಏನೂ ಕಟ್ಟೋ ಹಾಗಿರ್ಲಿಲ್ಲ, ಮಾರಟೋರಿಯಂ ಇತ್ತು, ಆದ್ರೂ ಅಮ್ಮ ಮೊದಲನೇ ತಿಂಗಳಿಂದ್ಲೇ ಬಡ್ಡಿ ಕಟ್ಕೊಂಡು ಬಂದಿದಾರೆ, ನಾನು ಓದು ಮುಗಿಸಿ ಹೊರಗೆ ಬರೋ ಹೊತ್ತಿಗೆ ಬಡ್ಡಿ ಎಲ್ಲಾ ಸೇರಿ ಅಸಲಿನ ಮೇಲೆ ಕೂತಿರೋದು ಬೇಡ ಅಂತ. ಪ್ರತಿ ತಿಂಗಳೂ ನಾಲ್ಕನೇ ತಾರೀಕು ಅಮ್ಮನ ಸಂಬಳದ ಅಕೌಂಟಿಂದ ಲೋನ್ ಅಕೌಂಟ್‌ಗೆ ಹೋಗುತ್ತೆ, ಒಂದು ತಿಂಗಳೂ ತಪ್ಪಿಲ್ಲ, ನಿಮ್ಮ ಸಿಸ್ಟಮಲ್ಲಿ ನೋಡಿದ್ರೆ ಕಾಣ್ಸುತ್ತೆ. ಮನೆಗೆ ಟಿನ್ ಶೀಟ್ ಹಾಕ್ಸೋದನ್ನ ಎರಡು ಮಳೆಗಾಲ ಮುಂದಕ್ಕೆ ಹಾಕಿ ಕಟ್ಟಿರೋ ದುಡ್ಡು ಅದು, ಹಾಗಾಗಿ ಅದಕ್ಕೆ ಕಾನೂನಲ್ಲಿ ಸಿಗೋ ಅನುಕೂಲ ಅಮ್ಮಂಗೆ ಸಿಗ್ಲೇಬೇಕು ಅಂತ ನಂಗೆ ತುಂಬಾ ಇದೆ.

ಇನ್‌ಕಮ್ ಟ್ಯಾಕ್ಸ್ ಕಾಯ್ದೆ ಸೆಕ್ಷನ್ 80ಇ ಪ್ರಕಾರ ಮಕ್ಕಳ ಉನ್ನತ ಶಿಕ್ಷಣಕ್ಕೆ ಬ್ಯಾಂಕಿಂದ ತಗೊಂಡ ಸಾಲಕ್ಕೆ ಆ ವರ್ಷ ಕಟ್ಟಿದ ಬಡ್ಡಿ ಪೂರ್ತಿ ಕಳೀಬಹುದು, ಇಷ್ಟೇ ಅಂತ ಮಿತಿ ಇಲ್ಲ, ಅಸಲಿಗೆ ಮಾತ್ರ ಸಿಗಲ್ಲ. ಆದ್ರೆ ಅದ್ರಲ್ಲಿ ಒಂದು ಮಾತಿದೆ, ಸಾಲ ತಗೊಂಡೋರೂ ಕಟ್ಟಿದೋರೂ ಅವ್ರೇ ಆಗಿರ್ಬೇಕು, ತಮ್ಮ ಟ್ಯಾಕ್ಸ್ ಬೀಳೋ ಆದಾಯದಿಂದ ಕಟ್ಟಿರ್ಬೇಕು. ಅಪ್ಪನ ಹೆಸ್ರಲ್ಲಿ ಕ್ಲೇಮ್ ಮಾಡಿ ಅಂತ ಕೌಂಟರಲ್ಲಿ ಒಬ್ರು ಹೇಳಿದ್ರು, ಅದು ಆಗಲ್ಲ ಮೇಡಂ. ಅಪ್ಪಂದು ಎರಡೂವರೆ ಎಕರೆ ಕಾಫಿ ತೋಟ ಅಷ್ಟೇ, ಹಣ್ಣು ಕುಯ್ದು ಕಣದಲ್ಲಿ ಒಣಗಿಸಿ ಚೆರಿ ಮಾರೋದು, ಜೊತೆಗೆ ಒಂದಿಷ್ಟು ಕರಿಮೆಣಸು, ಅದು ಕೃಷಿ ಆದಾಯ, ಅದಕ್ಕೆ ಟ್ಯಾಕ್ಸೇ ಇಲ್ಲ, ಕಳೆಯೋದು ಎಲ್ಲಿಂದ. ಸಾಲದಲ್ಲಿ ಅಪ್ಪನ ಹೆಸ್ರೂ ಇಲ್ಲ.

ಈಗ ಆ್ಯಪಲ್ಲಿ ಬರೋ ಸರ್ಟಿಫಿಕೇಟಲ್ಲಿ ಏನು ತೊಂದ್ರೆ ಅಂತ ಹೇಳ್ತೀನಿ. ಅದ್ರಲ್ಲಿ ನನ್ನ ಹೆಸರೊಂದೇ ಇದೆ. ಅಮ್ಮನ ಹೆಸರು ಎಲ್ಲೂ ಇಲ್ಲ. ಜನವರಿಯಲ್ಲಿ ಅಮ್ಮ ಅದನ್ನೇ ಪ್ರಿಂಟ್ ತೆಗ್ದು ಸಂಬಳ ಮಾಡೋ ಆಫೀಸಿಗೆ ಕೊಟ್ಟಿದ್ರು, ನಿಮ್ಮ ಹೆಸರಿಲ್ದೆ ತಗೊಳೋಕಾಗಲ್ಲ ಅಂತ ವಾಪಸ್ ಕೊಟ್ರು, ಅವ್ರು ಹೇಳಿದ್ದು ಸರಿಯಾಗೇ ಇದೆ. ಶುಕ್ರವಾರ ಕೌಂಟರಲ್ಲಿ ಸ್ಕ್ರೀನ್ ನೋಡಿ ಅಮ್ಮ ಗ್ಯಾರಂಟರ್ ಅಂತ ಬರ್ತಿದೆ ಅಂದ್ರು, ಅದು ಕೇಳಿ ನಂಗೆ ಗಾಬರಿ ಆಯ್ತು, ಯಾಕಂದ್ರೆ ಬರೀ ಜಾಮೀನು ಹಾಕಿದೋರು ಸಾಲ ತಗೊಂಡೋರು ಆಗಲ್ಲ, 80ಇ ಅವ್ರಿಗೆ ಸಿಗಲ್ಲ. ಮನೆಗೆ ಬಂದು ಟ್ರಂಕಲ್ಲಿದ್ದ ಫೈಲ್ ತೆಗ್ದು ನೋಡ್ದೆ. 14 ಡಿಸೆಂಬರ್ 2021ರ ಸ್ಯಾಂಕ್ಷನ್ ಲೆಟರ್ ಎರಡನೇ ಪೇಜಲ್ಲಿ ಅಮ್ಮನ ಹೆಸರಿನ ಮುಂದೆ ಸಹ ಸಾಲಗಾರರು ಅಂತಾನೇ ಇದೆ, ಲೋನ್ ಅಗ್ರಿಮೆಂಟಲ್ಲೂ ನನ್ನ ಸಹಿ ಪಕ್ಕದಲ್ಲೇ ಅಮ್ಮನ ಸಹಿ ಇದೆ, ಗ್ಯಾರಂಟರ್ ಜಾಗ ಖಾಲಿ ಇದೆ. ಎರಡೂ ಪೇಜಿನ ಫೋಟೋ ಇದ್ರ ಜೊತೆ ಹಾಕಿದೀನಿ. ಸಿಸ್ಟಮಲ್ಲಿ ಎಂಟ್ರಿ ಮಾಡುವಾಗ ತಪ್ಪಾಗಿ ಗ್ಯಾರಂಟರ್ ಅಂತ ಬಿದ್ದಿದ್ರೆ ಪೇಪರ್ ನೋಡಿ ಅದನ್ನ ಸರಿ ಮಾಡಿಸ್ಕೊಡಿ ಮೇಡಂ, ನಮ್ಗೆ ಎಲ್ಲಕ್ಕಿಂತ ಮುಖ್ಯ ಅದೇ, ಬರೋ ವರ್ಷಗಳಿಗೂ ಇದೇ ಬೇಕಾಗುತ್ತೆ.

ಇನ್ನೊಂದು ಲೆಕ್ಕದ ವಿಷ್ಯ. ಆ್ಯಪಿನ ಸರ್ಟಿಫಿಕೇಟಲ್ಲಿ 2024-25ರ ಬಡ್ಡಿ 73,283 ರೂಪಾಯಿ ಅಂತಿದೆ. ನಾನು ಪಾಸ್‌ಬುಕ್ ಇಟ್ಕೊಂಡು ಒಂದೊಂದೇ ಕೂಡಿದೆ, ನೀವು ಏಪ್ರಿಲಿಂದ ಮಾರ್ಚ್‌ವರ್ಗೂ ಹಾಕಿರೋ ಬಡ್ಡಿ ಅಷ್ಟೇ ಆಗುತ್ತೆ, ಅದ್ರಲ್ಲಿ ತಪ್ಪಿಲ್ಲ. ಆದ್ರೆ ಬಡ್ಡಿ ಬೀಳೋದು ತಿಂಗಳ ಕೊನೇ ದಿನ, ಅಮ್ಮ ಕಟ್ಟೋದು ಮುಂದಿನ ತಿಂಗಳು ನಾಲ್ಕಕ್ಕೆ. ಹಾಗಾಗಿ 31 ಮಾರ್ಚ್ 2025ಕ್ಕೆ ಬಿದ್ದ 6,848 ರೂಪಾಯಿ ಕಟ್ಟಿದ್ದು ಏಪ್ರಿಲ್ 4ಕ್ಕೆ, ಅದು ಮುಂದಿನ ವರ್ಷಕ್ಕೆ ಹೋಗುತ್ತೆ. ಹಾಗೇ ಮಾರ್ಚ್ 2024ರ 5,136 ರೂಪಾಯಿ ಕಟ್ಟಿದ್ದು ಏಪ್ರಿಲ್ 2024ರಲ್ಲಿ, ಅದು ಈ ವರ್ಷಕ್ಕೆ ಬರುತ್ತೆ. ಅಂದ್ರೆ ನಿಜವಾಗಿ ಈ ವರ್ಷ ಕಟ್ಟಿದ್ದು 71,571 ರೂಪಾಯಿ. 80ಇ ಅಲ್ಲಿ ಕಟ್ಟಿದ ಬಡ್ಡಿ ಮಾತ್ರ ಲೆಕ್ಕ, ಬಿದ್ದ ಬಡ್ಡಿ ಅಲ್ಲ. 1,712 ರೂಪಾಯಿ ವ್ಯತ್ಯಾಸ ಸಣ್ಣದೇ ಇರ್ಬಹುದು, ಆದ್ರೆ ಅಮ್ಮ ರಿಟರ್ನಲ್ಲಿ ಒಂದು ರೂಪಾಯೀನೂ ಜಾಸ್ತಿ ತೋರಿಸ್ಬಾರ್ದು ಅಂತ ಹೇಳಿದಾರೆ, ನಂಗೂ ಹಾಗೇ ಅನ್ಸುತ್ತೆ. ದಯವಿಟ್ಟು ಒಂದು ಸಲ ನಿಮ್ಮ ಕಡೆಯಿಂದ್ಲೂ ತಾಳೆ ನೋಡಿ, ನನ್ನ ಕೂಡಿಕೆಯಲ್ಲಿ ತಪ್ಪಿದ್ರೆ ನಿಮ್ಮ ಲೆಕ್ಕಾನೇ ಹಾಕಿ, ಆದ್ರೆ ಕಟ್ಟಿದ ಬಡ್ಡಿ ಅಂತ ಬೇರೆಯಾಗಿ ಬರೀಬೇಕು.

ಸರ್ಟಿಫಿಕೇಟಲ್ಲಿ ಇರ್ಬೇಕಾಗಿರೋದು ಇಷ್ಟು: ನನ್ನ ಹೆಸರು, ಸಹ ಸಾಲಗಾರರು ಅಂತ ಅಮ್ಮನ ಹೆಸರು (ಪ್ಯಾನ್ ಕಾರ್ಡಲ್ಲಿ ಇರೋ ಹಾಗೇ), ಅಮ್ಮನ ಪ್ಯಾನ್, ಪೂರ್ತಿ ಲೋನ್ ಅಕೌಂಟ್ ನಂಬರ್, ಸ್ಯಾಂಕ್ಷನ್ ಆದ ತಾರೀಕು, ಸಾಲದ ಒಟ್ಟು ಮೊತ್ತ 7,50,000, 31 ಮಾರ್ಚ್ 2025ಕ್ಕೆ ಬಾಕಿ ಎಷ್ಟಿತ್ತು (ಪಾಸ್‌ಬುಕ್ ಪ್ರಕಾರ 7,56,848), ಆ ವರ್ಷ ಕಟ್ಟಿದ ಬಡ್ಡಿ ಎಷ್ಟು, ಅಸಲು ಎಷ್ಟು (ಅಸಲು ಏನೂ ಕಟ್ಟಿಲ್ಲ, ಸೊನ್ನೆ ಅಂತಾನೇ ಹಾಕಿ), ಮತ್ತೆ ಇದು ಇಂಜಿನಿಯರಿಂಗ್ ಓದಿಗೆ ಕೊಟ್ಟ ಸಾಲ ಅನ್ನೋ ಒಂದು ಸಾಲು. ಬಾಕಿ, ಸ್ಯಾಂಕ್ಷನ್ ತಾರೀಕು ಎಲ್ಲಾ ಯಾಕೆ ಅಂದ್ರೆ ಈ ವರ್ಷದಿಂದ ಐಟಿಆರ್ ಫಾರ್ಮಲ್ಲೇ 80ಇ ಗೆ ಅವೆಲ್ಲಾ ಕೇಳ್ತಾರೆ, ಮುಂಚಿನ ಹಾಗೆ ಬರೀ ಮೊತ್ತ ಹಾಕಿ ಮುಂದೆ ಹೋಗೋಕಾಗಲ್ಲ. ಸರ್ಟಿಫಿಕೇಟ್ ರಿಟರ್ನ್ ಜೊತೆ ಲಗತ್ತಿಸೋ ಹಾಗಿಲ್ಲ, ಆದ್ರೆ ಮುಂದೆ ಇಲಾಖೆಯಿಂದ ಕೇಳಿದ್ರೆ ತೋರ್ಸೋಕೆ ಸೀಲು ಸಹಿ ಇರೋ ಕಾಗ್ದ ಕೈಯಲ್ಲಿ ಇರ್ಬೇಕು. ಬಡ್ಡಿ ಸಬ್ಸಿಡಿ ನಮ್ಗೆ ಬಂದಿಲ್ಲ, ಮನೆ ಆದಾಯ ನಾಲ್ಕೂವರೆ ಲಕ್ಷ ದಾಟುತ್ತಲ್ಲ, ಹಾಗಾಗಿ ಅದನ್ನ ಕಳೆಯೋ ಪ್ರಶ್ನೆ ಬರಲ್ಲ.

ಇಷ್ಟೊಂದು ಯಾಕೆ ಕೇಳ್ತಿದಾಳೆ ಅಂತ ನಿಮ್ಗೆ ಅನ್ನಿಸ್ಬಹುದು. ಅಮ್ಮನ ಫಾರ್ಮ್ 16ರಲ್ಲಿ ವರ್ಷದ ಸಂಬಳ 9,20,000. ಆಫೀಸಲ್ಲಿ ಹೊಸ ಪದ್ಧತಿ ಪ್ರಕಾರ 35,880 ಟಿಡಿಎಸ್ ಹಿಡಿದಿದಾರೆ. ಹಳೇ ಪದ್ಧತಿಗೆ ಹೋದ್ರೆ ಉಳಿತಾಯ, ಎನ್‌ಪಿಎಸ್, ಹೆಲ್ತ್ ಇನ್ಶೂರೆನ್ಸ್ ಎಲ್ಲಾ ಕಳೆದ್ರೂ ಬಡ್ಡಿ ಸೇರಿಸ್ದೆ 42,661 ಆಗುತ್ತೆ, ಅಂದ್ರೆ ಹೊಸದೇ ಒಳ್ಳೇದು. ಬಡ್ಡಿ ಸೇರಿಸಿದ್ರೆ 27,774ಕ್ಕೆ ಇಳಿಯುತ್ತೆ, 8,106 ರೂಪಾಯಿ ರೀಫಂಡ್ ಬರುತ್ತೆ. 80ಇ ಹೊಸ ಪದ್ಧತಿಯಲ್ಲಿ ಇಲ್ವೇ ಇಲ್ಲ. ಹಾಗಾಗಿ ಅಮ್ಮ ಯಾವ ಪದ್ಧತಿ ಆರಿಸ್ಬೇಕು ಅನ್ನೋದೇ ನಿಮ್ಮ ಈ ಒಂದು ಕಾಗ್ದದ ಮೇಲೆ ನಿಂತಿದೆ. ಎಂಟು ಸಾವಿರ ಅಂದ್ರೆ ನಮ್ಗೆ ಒಂದು ತಿಂಗಳ ಬಡ್ಡಿಗಿಂತ ಜಾಸ್ತಿ.

ಹಿಂದಿನ ಮೂರು ವರ್ಷ ಈ ಅನುಕೂಲ ಇದೆ ಅಂತಾನೇ ನಮ್ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಅದು ಹೋಯ್ತು. ಬಡ್ಡಿ ಕಟ್ಟೋಕೆ ಶುರು ಮಾಡಿದ ವರ್ಷದಿಂದ ಒಟ್ಟು ಎಂಟು ವರ್ಷ ಮಾತ್ರ ಸಿಗೋದು, ನಮ್ದು 2021-22ರಲ್ಲಿ ಶುರುವಾಗಿ 2028-29ಕ್ಕೆ ಮುಗಿಯುತ್ತೆ, ನಾವು ಕ್ಲೇಮ್ ಮಾಡ್ಲಿ ಬಿಡ್ಲಿ ವರ್ಷ ಓಡ್ತಾನೇ ಇರುತ್ತೆ. ಈ ಸಲಾನೂ ಬಿಡೋಕೆ ಮನಸ್ಸಿಲ್ಲ ಮೇಡಂ.

ರಿಟರ್ನ್ ಹಾಕೋ ಕೊನೇ ದಿನ ಜುಲೈ 31 ಇದ್ದಿದ್ದನ್ನ ಈ ವರ್ಷ ಸೆಪ್ಟೆಂಬರ್ 15ರವರ್ಗೂ ಮುಂದಕ್ಕೆ ಹಾಕಿದಾರೆ, ಟೈಮ್ ಇದೆ ಅಂತ ಕಾಣ್ಸುತ್ತೆ, ಆದ್ರೆ ಕೊನೇ ದಿನ ದಾಟಿದ್ರೆ ಹಳೇ ಪದ್ಧತಿ ಆರಿಸೋ ಹಾಗೇ ಇಲ್ಲ. ಮಾದಾಪುರದ ಕಡೆ ಮಳೆ ಹಿಡಿದ್ರೆ ಕರೆಂಟ್ ಹೋಗಿ ಟವರ್ ಹೋಗಿ ಒಟಿಪಿ ಬರೋಕೆ ಮೂರು ದಿನ ಕಾಯ್ಬೇಕಾಗುತ್ತೆ, ನಿಮ್ಗೂ ಗೊತ್ತಿರೋದೇ. ಹಾಗಾಗಿ ಜುಲೈಯಲ್ಲೇ ಮುಗಿಸ್ಬಿಡ್ಬೇಕು ಅಂತಿದೀನಿ.

ಅಮ್ಮನೇ ಬಂದು ಸಹಿ ಹಾಕ್ಬೇಕು ಅಂದ್ರೆ ವಾರದ ದಿನ ಕಷ್ಟ, ಶಾಲೆಯಲ್ಲಿ ಅವರೊಬ್ರೇ ಟೀಚರ್, ಬಿಟ್ಟು ಬಂದ್ರೆ ಮಕ್ಕಳನ್ನ ನೋಡ್ಕೊಳೋರು ಇಲ್ಲ. ಜುಲೈ 5 ಮೊದಲನೇ ಶನಿವಾರ, ಬ್ಯಾಂಕ್ ಇರುತ್ತೆ, ಶಾಲೆನೂ ಅರ್ಧ ದಿನ. ಮಳೆ ರಜೆ ತುಂಬ್ಸೋಕೆ ಅಂತ ಅವತ್ತು ಫುಲ್ ಡೇ ಮಾಡ್ಲಿಲ್ಲ ಅಂದ್ರೆ ಮಧ್ಯಾಹ್ನದ ಬಸ್ಸಿಗೆ ಇಬ್ರೂ ಬರ್ತೀವಿ. ನನ್ನ ಸಹಿ ಸಾಕು ಅಂದ್ರೆ ನಾನು ಯಾವತ್ತು ಬೇಕಾದ್ರೂ ಬರ್ತೀನಿ, ನಾಳೆ ಬಾ ಅಂದ್ರೆ ನಾಳೇನೇ. ಫಾರ್ಮ್ ಏನಾದ್ರೂ ತುಂಬ್ಬೇಕಿದ್ರೆ ಮೇಲಲ್ಲಿ ಕಳಿಸಿ, ಪ್ರಿಂಟ್ ತೆಗ್ದು ಅಮ್ಮನ ಸಹಿ ಮಾಡಿಸ್ಕೊಂಡೇ ತರ್ತೀನಿ. ಚಾರ್ಜ್ ಇದ್ರೆ ಅಮ್ಮನ ಅಕೌಂಟಿಂದ ಹಿಡ್ಕೊಳ್ಳಿ.

ಜೊತೆಗೆ ಸ್ಯಾಂಕ್ಷನ್ ಲೆಟರಿನ ಎರಡನೇ ಪೇಜು, ಅಗ್ರಿಮೆಂಟಿನ ಸಹಿ ಪೇಜು, ಅಮ್ಮನ ಪ್ಯಾನ್ ಕಾಪಿ, ಅಮ್ಮನ ಪಾಸ್‌ಬುಕ್ಕಿನಲ್ಲಿ ಏಪ್ರಿಲ್ 2024ರಿಂದ ಏಪ್ರಿಲ್ 2025ರವರೆಗಿನ ಪೇಜುಗಳು ಇದಾವೆ, ಲೋನಿಗೆ ಹೋಗಿರೋ ಎಂಟ್ರಿಗಳಿಗೆ ಪೆನ್ಸಿಲಲ್ಲಿ ಗುರುತು ಹಾಕಿದೀನಿ. ಏಪ್ರಿಲ್ 2025ರ ಪೇಜು ಬರೀ ಆ 6,848 ಯಾವಾಗ ಕಟ್ಟಿದ್ದು ಅಂತ ತೋರ್ಸೋಕೆ, ಅದನ್ನ ಈ ವರ್ಷಕ್ಕೆ ಸೇರಿಸ್ಬೇಡಿ.

2021ರಲ್ಲಿ ಲೋನ್ ಪೇಪರ್ ಮಾಡುವಾಗ ನಿಮ್ಮ ಬ್ರಾಂಚಿನೋರು ಒಂದೊಂದು ಪೇಜೂ ಕನ್ನಡದಲ್ಲಿ ಬಿಡಿಸಿ ಹೇಳಿ ಆಮೇಲೆ ಅಮ್ಮನ ಹತ್ರ ಸಹಿ ಹಾಕ್ಸಿದ್ರು, ಅದು ನಾವು ಮರ್ತಿಲ್ಲ. ಈ ಕೆಲ್ಸಾನೂ ಮಾಡಿಕೊಡ್ತೀರ ಅನ್ನೋ ನಂಬಿಕೆ ಇದೆ. ಫೋನ್ ಮಾಡ್ಬೇಕಿದ್ರೆ ಲೋನ್ ಅಕೌಂಟಲ್ಲಿ ಇರೋ ನಂಬರೇ, ಸಿಗ್ಲಿಲ್ಲ ಅಂದ್ರೆ ಒಂದು ಮೆಸೇಜ್ ಹಾಕಿ, ಟವರ್ ಬಂದ ತಕ್ಷಣ ನಾನೇ ಮಾಡ್ತೀನಿ.

ಇಂತಿ ನಿಮ್ಮ ವಿಶ್ವಾಸಿ,
ಭೂಮಿಕಾ ಎಂ. ಜಿ. (ಸಾಲಗಾರರು)

ಒಪ್ಪಿಗೆ ಇದೆ: ಸುನಂದಾ ಎಂ. ಎಸ್. (ಸಹ ಸಾಲಗಾರರು), ಸಹಿ ಮಾಡಿದ ಪ್ರತಿಯ ಫೋಟೋ ಲಗತ್ತಿಸಿದೆ